ರಾತ್ರಿ ದಾರಿಯಲ್ಲಿ ಎಚ್ಚರವಿರುವ ಬಂಕ್ ಯಾವುದು?

ಶಿವಮೊಗ್ಗದಿಂದ ಹೊನ್ನಾವರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 69ನ್ನು ಹಳಬರು ಇನ್ನೂ 206 ಎಂದೇ ಕರೆಯುತ್ತಾರೆ. ಆಯನೂರು, ಕುಂಸಿ, ಆನಂದಪುರ, ಸಾಗರ ಎಂದು ಊರುಗಳು ಒಂದರ ಹಿಂದೆ ಒಂದು ಬರುತ್ತವೆ. ತಾಳಗುಪ್ಪ ದಾಟಿದ ಮೇಲೆ ಊರುಗಳು ವಿರಳವಾಗುತ್ತವೆ. ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಇಳಿಯುವ ಘಟ್ಟದಲ್ಲಿ ಕಾಡು, ತಿರುವು, ಮೊಬೈಲಿಗೆ ಸಿಕ್ಕಿದರೆ ಸಿಕ್ಕಿತು ಎನ್ನುವಂಥ ಸಿಗ್ನಲ್. ಹಗಲಿನಲ್ಲಿ ಜೋಗಕ್ಕೆ ಬರುವವರಿಂದ ತುಂಬಿರುವ ಈ ರಸ್ತೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಹೊಸಬರೊಬ್ಬರ ಕಾರಿನ ಇಂಧನದ ದೀಪ ಹೊತ್ತಿಕೊಂಡರೆ, ಅವರು ಮಾಡುವ ಮೊದಲ ಕೆಲಸ ಮೊಬೈಲ್ ತೆಗೆದು ಹತ್ತಿರದ ಪೆಟ್ರೋಲ್ ಬಂಕ್ ಹುಡುಕುವುದು. ಪರದೆಯ ಮೇಲೆ ನಾಲ್ಕೈದು ಕೆಂಪು ಚುಕ್ಕೆಗಳು ಮೂಡುತ್ತವೆ. ಒಂದರ ಕೆಳಗೆ ‘Open 24 hours’ ಎಂದು ಹಸಿರು ಅಕ್ಷರದಲ್ಲಿ ಇರುತ್ತದೆ. ಅದನ್ನು ನಂಬಿ ಹೋಗಬೇಕೋ ಬೇಡವೋ ಎನ್ನುವುದನ್ನು ತೀರ್ಮಾನಿಸಬೇಕಾದರೆ ಆ ಹಸಿರು ಅಕ್ಷರ ಎಲ್ಲಿಂದ ಬಂತು ಎನ್ನುವುದು ಗೊತ್ತಿರಬೇಕು.

ಗೂಗಲ್ ಮ್ಯಾಪ್‌ಗೆ ಬಂಕಿನ ದೀಪ ಕಾಣುವುದಿಲ್ಲ. ಬಂಕಿನ ಮಾಲೀಕರೋ, ಅವರ ಪರವಾಗಿ ಇನ್ನಾರೋ, ಕೆಲವೊಮ್ಮೆ ಅಲ್ಲಿ ಒಮ್ಮೆ ಪೆಟ್ರೋಲ್ ಹಾಕಿಸಿಕೊಂಡ ಗ್ರಾಹಕರೋ ತೆರೆಯುವ, ಮುಚ್ಚುವ ಸಮಯವನ್ನು ತುಂಬಿರುತ್ತಾರೆ. ಆ ಸಮಯವನ್ನು ನಿಮ್ಮ ಗಡಿಯಾರದ ಜೊತೆ ಹೋಲಿಸಿ ‘ತೆರೆದಿದೆ’ ಅಥವಾ ‘ಮುಚ್ಚಿದೆ’ ಎಂದು ಮ್ಯಾಪ್ ಹೇಳುತ್ತದೆ, ಅಷ್ಟೇ. ಬಂಕ್ ಶುರುವಾದ ಹುರುಪಿನಲ್ಲಿ 24 ಗಂಟೆ ಎಂದು ತುಂಬಿ, ಆಮೇಲೆ ರಾತ್ರಿ ಪಾಳಿಗೆ ಹುಡುಗರು ಸಿಗದೆ ಹತ್ತೂವರೆಗೇ ಹಗ್ಗ ಕಟ್ಟುವ ಬಂಕುಗಳು ಬೇಕಾದಷ್ಟಿವೆ. ಆ ಬದಲಾವಣೆಯನ್ನು ಮ್ಯಾಪಿನಲ್ಲಿ ತಿದ್ದುವುದು ಯಾರ ಕೆಲಸವೂ ಆಗಿರುವುದಿಲ್ಲ.

ಇದು ಹೆಚ್ಚಿನವರು ಅನುಭವದಿಂದ ಬಲ್ಲ ತೊಂದರೆ. ಇದರ ತದ್ವಿರುದ್ಧವಾದ ಇನ್ನೊಂದು ತೊಂದರೆ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಹುಡುಕಾಟದ ಮೇಲ್ಭಾಗದಲ್ಲಿರುವ ‘Open now’ ಒತ್ತಿದರೆ, ಸಮಯವನ್ನೇ ತುಂಬದ ಜಾಗಗಳು ಪಟ್ಟಿಯಿಂದ ಮಾಯವಾಗುತ್ತವೆ. ಹಳ್ಳಿ ಕಡೆಯ ಹೆದ್ದಾರಿಯಲ್ಲಿ ಲಾರಿಗಳಿಗೆ ರಾತ್ರಿಯಿಡೀ ಡೀಸೆಲ್ ಹಾಕುವ ಬಂಕಿನ ಮಾಲೀಕರಿಗೆ ಮ್ಯಾಪಿನಲ್ಲಿ ಸಮಯ ತುಂಬುವ ಅಗತ್ಯವೇ ಕಂಡಿರುವುದಿಲ್ಲ, ಅವರ ಗಿರಾಕಿಗಳಿಗೆ ದಾರಿ ಬಾಯಿಪಾಠ. ಹೀಗಾಗಿ ನಿಜವಾಗಿ ತೆರೆದಿರುವ ಬಂಕೇ ಪಟ್ಟಿಯಿಂದ ಹೊರಗೆ ಬಿದ್ದು, ಮುಚ್ಚಿರುವ ಬಂಕ್ ಒಳಗೆ ಉಳಿಯಬಹುದು. ಆದ್ದರಿಂದ ಬಂಕ್ ಹುಡುಕುವಾಗ ಆ ಗುಂಡಿಯನ್ನು ಒತ್ತಿ ಒಮ್ಮೆ ನೋಡಿ, ತೆಗೆದು ಇನ್ನೊಮ್ಮೆ ನೋಡಿ. ಎರಡನೆಯ ಪಟ್ಟಿಯಲ್ಲಿ ಹೊಸದಾಗಿ ಕಾಣಿಸಿಕೊಂಡ, ಸಮಯವಿಲ್ಲದ ಹೆಸರುಗಳಲ್ಲಿ ಮುಖ್ಯ ರಸ್ತೆಯ ಮೇಲೇ ಇರುವುದು ಯಾವುದಾದರೂ ಇದೆಯೇ ಎಂದು ಗಮನಿಸಿ.

ಪಟ್ಟಿಯಲ್ಲಿ ಮೊದಲು ಬಂದದ್ದೇ ಹತ್ತಿರದ್ದು ಎಂದುಕೊಳ್ಳುವಂತೆಯೂ ಇಲ್ಲ. ದೂರ, ಹುಡುಕಿದ ಪದಕ್ಕೆ ಇರುವ ಹೊಂದಾಣಿಕೆ, ಆ ಜಾಗಕ್ಕಿರುವ ಹೆಸರು ಎಲ್ಲವನ್ನೂ ಸೇರಿಸಿ ಗೂಗಲ್ ಈ ಕ್ರಮವನ್ನು ಮಾಡುತ್ತದೆ. ಊರೊಳಗೆ ಎರಡು ಕಿಲೋಮೀಟರ್ ಹಿಂದೆ ಇರುವ, ನೂರಾರು ಜನ ಅಂಕ ಕೊಟ್ಟ ಬಂಕ್ ಮೇಲೆ ಬಂದು, ಒಂದು ಕಿಲೋಮೀಟರ್ ಮುಂದಿರುವ ಬಂಕ್ ಮೂರನೆಯದಾಗಿರಬಹುದು. ಇದಕ್ಕೆ ಸುಲಭವಾದ ಉಪಾಯವಿದೆ. ಹೋಗಬೇಕಾದ ಊರಿಗೆ ಮೊದಲು ದಾರಿ ಹಾಕಿ, ನ್ಯಾವಿಗೇಷನ್ ಶುರು ಮಾಡಿ, ಆಮೇಲೆ ಅದರೊಳಗಿನ ಭೂತಗನ್ನಡಿಯ ಗುರುತನ್ನು ಒತ್ತಿ ಪೆಟ್ರೋಲ್ ಬಂಕ್ ಹುಡುಕಿ. ಆಗ ನಿಮ್ಮ ದಾರಿಯುದ್ದಕ್ಕೂ ಇರುವ ಬಂಕುಗಳು ಕಾಣುತ್ತವೆ, ಪ್ರತಿಯೊಂದಕ್ಕೂ ಎಷ್ಟು ನಿಮಿಷ ಹೆಚ್ಚಾಗುತ್ತದೆ ಎನ್ನುವುದೂ ಕಾಣುತ್ತದೆ. ರಾತ್ರಿ ಹೊತ್ತು ಹಿಂದಕ್ಕೆ ಮೂರು ಕಿಲೋಮೀಟರ್ ಹೋಗಿ ಬಾಗಿಲು ಮುಚ್ಚಿದ್ದರೆ ಆರು ಕಿಲೋಮೀಟರಿನ ಪೆಟ್ರೋಲ್ ಸುಮ್ಮನೆ ಸುಟ್ಟಂತೆ. ಮುಂದಕ್ಕೆ ಮೂರು ಕಿಲೋಮೀಟರ್ ಹೋಗಿ ಮುಚ್ಚಿದ್ದರೂ ಪ್ರಯಾಣವಾದರೂ ಅಷ್ಟು ಸಾಗಿರುತ್ತದೆ.

ಮಲೆನಾಡಿನಲ್ಲಿ ಹತ್ತಿರ ಎನ್ನುವುದಕ್ಕೆ ಇನ್ನೊಂದು ತೊಡಕಿದೆ. ಸಾಗರದಿಂದ ಸಿಗಂದೂರು ಕಡೆಗೆ ಹೋದವರಿಗೆ ಇದು ಗೊತ್ತು. ಶರಾವತಿ ಹಿನ್ನೀರಿನ ಈ ದಡದಿಂದ ಆ ದಡದ ಊರು ಕಣ್ಣಿಗೆ ಕಾಣುತ್ತಿದ್ದರೂ, ಕತ್ತಲಾಗಿ ಲಾಂಚ್ ನಿಂತ ಮೇಲೆ ಅದು ಬೇರೆ ಲೋಕವೇ ಆಗಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ತೆರೆದ ಮೇಲೆ ಅಲ್ಲಿನ ಲೆಕ್ಕ ಬದಲಾಯಿತು. ಗುಂಡ್ಲುಪೇಟೆಯಿಂದ ಮುಂದಿನ ಲೆಕ್ಕ ಬದಲಾಗಿಲ್ಲ. ಅಲ್ಲಿಂದ ಬಂಡೀಪುರದ ಕಾಡಿನ ಮೂಲಕ ಕೇರಳಕ್ಕೆ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ 2009ರಿಂದ ನಿಷೇಧವಿದೆ. ಗೇಟಿನ ಆಚೆಗಿರುವ ಬಂಕ್ ಎಷ್ಟು ಹತ್ತಿರವಿದ್ದರೂ ರಾತ್ರಿ ಹತ್ತಕ್ಕೆ ನಿಮ್ಮ ಪಾಲಿಗೆ ಅದು ಇಲ್ಲ. ಮ್ಯಾಪಿನಲ್ಲಿ ಚುಕ್ಕೆ ನೋಡಿದರೆ ಸಾಲದು, ಅಲ್ಲಿಗೆ ದಾರಿ ಹಾಕಿ ರಸ್ತೆಯ ದೂರ ಎಷ್ಟು ಎಂದು ನೋಡಬೇಕು. ಕಾಡಿನ ದಾರಿಯಾದರೆ ಗೇಟಿನ ಸಮಯವನ್ನೂ ಕೇಳಿಕೊಳ್ಳಬೇಕು.

ಈಗ ಆ ಹೊನ್ನಾವರದ ದಾರಿಗೇ ಬರೋಣ. ಲೆಕ್ಕ ಹಾಕಿ ನೋಡಿದರೆ ತೀರ್ಮಾನ ತಾನಾಗಿ ಸುಲಭವಾಗುತ್ತದೆ. ಆನಂದಪುರದ ಹತ್ತಿರ ದೀಪ ಹೊತ್ತಿತು ಎಂದಿಟ್ಟುಕೊಳ್ಳಿ. ಸಾಮಾನ್ಯ ಸಣ್ಣ ಕಾರಿನಲ್ಲಿ ದೀಪ ಹೊತ್ತಿದಾಗ ಟ್ಯಾಂಕಿನಲ್ಲಿ ಸುಮಾರು 5 ಲೀಟರ್ ಉಳಿದಿರುತ್ತದೆ. ನಿಮ್ಮ ಕಾರಿನದು ಎಷ್ಟು ಎನ್ನುವುದು ಕಾರಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಲೀಟರಿಗೆ 15 ಕಿಲೋಮೀಟರ್ ಎಂದರೆ 75 ಕಿಲೋಮೀಟರ್. ಅದರಲ್ಲಿ ಮೂರನೆಯ ಒಂದು ಭಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ, ಏರು, ಎ.ಸಿ., ದಾರಿ ತಪ್ಪುವುದು ಎಲ್ಲಕ್ಕೂ ಅದು ಮೀಸಲು. ಉಳಿದದ್ದು 50. ಆನಂದಪುರದಿಂದ ಸಾಗರಕ್ಕೆ ಸುಮಾರು 25 ಕಿಲೋಮೀಟರ್, ಸಾಗರದಿಂದ ಹೊನ್ನಾವರಕ್ಕೆ ಸುಮಾರು 90. ಅಂದರೆ ಹೊನ್ನಾವರದ ಮಾತೇ ಇಲ್ಲ. ಸಾಗರದಲ್ಲಿ ಪೆಟ್ರೋಲ್ ಸಿಗಲೇಬೇಕು.

ಸಾಗರ ತಲುಪಿದಾಗ ನಿಮ್ಮ ಹತ್ತಿರ ಧೈರ್ಯವಾಗಿ ಓಡಿಸಬಹುದಾದ 25 ಕಿಲೋಮೀಟರ್ ಉಳಿದಿದೆ. ಊರೊಳಗಿನ ಬಂಕ್ ಮುಚ್ಚಿದೆ ಎನ್ನೋಣ. ಮ್ಯಾಪು ತಾಳಗುಪ್ಪದ ಕಡೆಗೆ ಒಂದನ್ನು ತೋರಿಸುತ್ತಿದೆ, ದೂರ ಸುಮಾರು 15 ಕಿಲೋಮೀಟರ್. ಹೋಗಬಹುದೇ? ಹೋದ ಮೇಲೆ ಅದು ತೆರೆದಿರದಿದ್ದರೆ ಉಳಿಯುವುದು 10 ಕಿಲೋಮೀಟರ್. ಅಷ್ಟರಲ್ಲಿ ಸಾಗರಕ್ಕೂ ವಾಪಸು ಬರಲಾಗುವುದಿಲ್ಲ, ಮುಂದೆ ಘಟ್ಟವನ್ನೂ ಇಳಿಯಲಾಗುವುದಿಲ್ಲ. ಮೀಸಲಿಟ್ಟದ್ದನ್ನು ಮುಟ್ಟಬೇಕಾಗುತ್ತದೆ. ಆದ್ದರಿಂದ ಫೋನ್ ಮಾಡಿ, ಯಾರಾದರೂ ಎತ್ತಿ, ‘ಹೌದು, ಹಾಕ್ತಿದೀವಿ ಬನ್ನಿ’ ಎಂದರೆ ಮಾತ್ರ ಹೊರಡಬೇಕು. ಯಾರೂ ಎತ್ತದಿದ್ದರೆ ಸಾಗರದ ಬಸ್ ನಿಲ್ದಾಣದ ಹತ್ತಿರ ವಾಹನ ನಿಲ್ಲಿಸಿಕೊಂಡು ಬೆಳಗಿನವರೆಗೆ ಕಾಯುವುದೇ ಸರಿಯಾದ ತೀರ್ಮಾನ. ಮುಂದಿನ ಬಂಕಿನಲ್ಲಿ ಸಿಗದಿದ್ದರೆ ವಾಪಸು ಬರುವಷ್ಟು ಇಂಧನ ಉಳಿದಿರುವ ಜಾಗದಲ್ಲೇ ನಿಲ್ಲಬೇಕು ಎನ್ನುವುದನ್ನು ಲಾರಿ ಓಡಿಸುವವರು ಯಾರೂ ಹೇಳಿಕೊಡದೆಯೇ ಪಾಲಿಸುತ್ತಾರೆ.

ಕಾರಿನ ಪರದೆ ತೋರಿಸುವ ‘ಇನ್ನು ಇಷ್ಟು ಕಿಲೋಮೀಟರ್ ಓಡುತ್ತದೆ’ ಎನ್ನುವ ಅಂಕಿಯನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಇದುವರೆಗೆ ಓಡಿದ ಸರಾಸರಿಯ ಮೇಲೆ ಅದು ನಿಂತಿದೆ. ಬಯಲಿನ ನೇರ ರಸ್ತೆಯಲ್ಲಿ ಬಂದ ಕಾರು ಏರು ಶುರುವಾದ ಮೇಲೆ ಆ ಅಂಕಿಯನ್ನು ನಿಮ್ಮ ಕಣ್ಣ ಮುಂದೆಯೇ ಇಳಿಸುತ್ತ ಹೋಗುತ್ತದೆ. ಡೀಸೆಲ್ ಗಾಡಿಯವರು ಇನ್ನೂ ಹುಷಾರಾಗಿರಬೇಕು. ಡೀಸೆಲ್ ಪೂರ್ತಿ ಖಾಲಿಯಾದರೆ ಕೊಳವೆಗಳಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಆಮೇಲೆ ಡೀಸೆಲ್ ತಂದು ಸುರಿದರೂ ಗಾಳಿ ತೆಗೆಯದೆ ಎಂಜಿನ್ ಹತ್ತುವುದು ಕಷ್ಟ. ಪೆಟ್ರೋಲ್ ತರುವುದೂ ಸುಲಭವಲ್ಲ. ಪ್ಲಾಸ್ಟಿಕ್ ನೀರಿನ ಬಾಟಲಿಗೆ ಪೆಟ್ರೋಲ್ ಹಾಕುವುದು ನಿಯಮಕ್ಕೆ ವಿರುದ್ಧ, ಬಂಕಿನ ಹುಡುಗ ‘ಆಗಲ್ಲ ಸಾರ್’ ಎಂದರೆ ಅವನ ಮೇಲೆ ಸಿಟ್ಟಾಗುವಂತಿಲ್ಲ.

ಹಾಗಾದರೆ ಯಾವ ಬಂಕ್ ತೆರೆದಿರುತ್ತದೆ? ರಾತ್ರಿ ತೆರೆದಿಡಲು ಕಾರಣವಿರುವ ಬಂಕ್. ರಾತ್ರಿ ಇಬ್ಬರು ಹುಡುಗರಿಗೆ ಸಂಬಳ ಕೊಟ್ಟು, ದೀಪ ಉರಿಸಿ, ಗಲ್ಲಾಪೆಟ್ಟಿಗೆಯಲ್ಲಿ ಹಣ ಇಟ್ಟುಕೊಂಡು ಕೂರಬೇಕಾದರೆ ರಾತ್ರಿ ವ್ಯಾಪಾರ ಇರಬೇಕು. ಆ ವ್ಯಾಪಾರ ಕೊಡುವುದು ಲಾರಿ ಮತ್ತು ರಾತ್ರಿ ಬಸ್. ಮುಖ್ಯ ಹೆದ್ದಾರಿಯ ಮೇಲೆ, ಲಾರಿ ನಿಲ್ಲಿಸಲು ವಿಶಾಲವಾದ ಜಾಗವಿರುವ, ಪಕ್ಕದಲ್ಲಿ ಢಾಬಾ ಇರುವ ಬಂಕು ತೆರೆದಿರುವ ಸಾಧ್ಯತೆ ಹೆಚ್ಚು. ತೈಲ ಕಂಪನಿಗಳು ತಾವೇ ನಡೆಸುವ ಬಂಕುಗಳೂ ಹೆದ್ದಾರಿಗಳಲ್ಲಿ ಹೆಚ್ಚಾಗಿ ರಾತ್ರಿಯಿಡೀ ಇರುತ್ತವೆ. ಊರೊಳಗೆ, ಮಾರುಕಟ್ಟೆ ರಸ್ತೆಯಲ್ಲಿ, ಬೈಕುಗಳೇ ಗಿರಾಕಿಯಾಗಿರುವ ಹಳೆಯ ಪುಟ್ಟ ಬಂಕ್ ಎಷ್ಟೇ ಹತ್ತಿರವಿದ್ದರೂ ರಾತ್ರಿ ಹತ್ತರ ಮೇಲೆ ನೆಚ್ಚಿಕೊಳ್ಳುವಂಥದ್ದಲ್ಲ. ಮ್ಯಾಪಿನ ಉಪಗ್ರಹ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಬಂಕಿನ ಸುತ್ತ ಸಾಲಾಗಿ ನಿಂತ ಲಾರಿಗಳು ಕಾಣುವುದುಂಟು. ಆ ಚಿತ್ರ ಹಗಲಿನದೇ ಆದರೂ ಅಲ್ಲಿನ ಗಿರಾಕಿ ಯಾರು ಎನ್ನುವುದನ್ನು ಅದು ಹೇಳುತ್ತದೆ.

ಮೇಲ್ಛಾವಣಿಯ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಬಂಕ್ ತೆರೆದಿದೆ ಎಂದಲ್ಲ, ಕಳ್ಳರ ಭಯಕ್ಕೆ ದೀಪ ಬಿಟ್ಟು ಮಲಗುವವರೂ ಇದ್ದಾರೆ. ಪ್ರವೇಶಕ್ಕೆ ಅಡ್ಡ ಹಗ್ಗವೋ ಡ್ರಮ್ಮೋ ಇದೆಯೇ, ಪಂಪಿನ ಅಂಕಿಗಳು ಬೆಳಗುತ್ತಿವೆಯೇ ನೋಡಿ. ಅಡ್ಡ ಏನೂ ಇಲ್ಲದೆ ಯಾರೂ ಕಾಣದಿದ್ದರೆ ಹುಡುಗ ಒಳಗೆ ಒರಗಿರಬಹುದು, ಒಮ್ಮೆ ಹಾರ್ನ್ ಮಾಡಿ ಎರಡು ನಿಮಿಷ ಕಾಯುವುದು ವಾಡಿಕೆ. ಇಂಧನದ ಟ್ಯಾಂಕರ್ ಬಂದು ನೆಲದಡಿಯ ಟ್ಯಾಂಕಿಗೆ ಇಳಿಸುತ್ತಿದ್ದರೆ ಸುರಕ್ಷತೆಗಾಗಿ ಮಾರಾಟ ನಿಲ್ಲಿಸಿರುತ್ತಾರೆ. ಅದು ಮುಗಿಯುವವರೆಗೆ ಕಾಯುವುದು ಮುಂದಿನ ಬಂಕ್ ಹುಡುಕಿ ಹೋಗುವುದಕ್ಕಿಂತ ಮೇಲು.

ಫೋನಿಗಿಂತ ಒಳ್ಳೆಯ ಸುದ್ದಿ ಕೊಡುವವರು ಎದುರಿನಿಂದ ಬರುತ್ತಿರುವವರು. ನೀವು ಹೋಗಬೇಕಾದ ರಸ್ತೆಯನ್ನು ಅವರು ಈಗಷ್ಟೇ ದಾಟಿ ಬಂದಿರುತ್ತಾರೆ. ಚಹಾದಂಗಡಿಯ ಮುಂದೆ ನಿಂತ ಲಾರಿಯ ಚಾಲಕರು, ಬಸ್ ನಿಲ್ದಾಣದಲ್ಲಿ ರಾತ್ರಿ ಬಸ್ಸಿಗೆ ಸಮಯ ಬರೆಯುವ ಕಂಟ್ರೋಲರ್, ಟೋಲ್ ಗೇಟಿನವರು, ಗಸ್ತಿನ ಪೊಲೀಸರು, ಇವರೆಲ್ಲ ರಾತ್ರಿ ಎಚ್ಚರವಿರುವುದನ್ನೇ ಕೆಲಸ ಮಾಡಿಕೊಂಡವರು. ಆದರೆ ಕೇಳುವ ಪ್ರಶ್ನೆ ಸರಿಯಿರಬೇಕು. ‘ಬಂಕ್ ಎಲ್ಲಿದೆ?’ ಎಂದರೆ ‘ಇಲ್ಲೇ ಮುಂದೆ’ ಎಂದು ಕೈ ತೋರಿಸುತ್ತಾರೆ. ನಮ್ಮ ಕಡೆಯ ‘ಇಲ್ಲೇ’ ಒಂದು ಕಿಲೋಮೀಟರೂ ಆಗಬಹುದು, ಹನ್ನೆರಡೂ ಆಗಬಹುದು. ‘ಅಣ್ಣಾ, ನೀವು ಈಗ ಬರುವಾಗ ಪೆಟ್ರೋಲ್ ಹಾಕ್ತಾ ಇದ್ದ ಬಂಕ್ ಯಾವುದು ಕಂಡಿತು?’ ಎಂದು ಕೇಳಿ. ಆಗ ಅವರು ನೆನಪು ಮಾಡಿಕೊಂಡು ಹೇಳುತ್ತಾರೆ, ‘ಆನಂದಪುರದ ಹತ್ತಿರ ಒಂದಿತ್ತು, ಸಾಗರದ್ದು ಮುಚ್ಚಿದ್ರು’ ಎನ್ನುವಂಥ ಉತ್ತರ ಸಿಗುತ್ತದೆ.

ಔಷಧಿ ಅಂಗಡಿಯ ವಿಷಯದಲ್ಲಿ ಹುಡುಕುವ ಪದವನ್ನೇ ಬದಲಿಸಬೇಕು. ಅಪರಿಚಿತ ಊರಿನಲ್ಲಿ ರಾತ್ರಿ ಒಂದು ಗಂಟೆಗೆ ‘ಮೆಡಿಕಲ್ ಶಾಪ್’ ಎಂದು ಹುಡುಕಿದರೆ ಬಸ್ ನಿಲ್ದಾಣದ ಸುತ್ತಲಿನ ಹತ್ತು ಅಂಗಡಿಗಳು ಬರುತ್ತವೆ, ಹತ್ತಕ್ಕೂ ಶಟರ್ ಎಳೆದಿರುತ್ತದೆ. ವೈದ್ಯರ ಚೀಟಿಯ ಔಷಧಿ ಮಾರುವಾಗ ನೋಂದಾಯಿತ ಫಾರ್ಮಸಿಸ್ಟ್ ಇರಬೇಕೆಂಬ ನಿಯಮವಿದೆ. ನಾಲ್ಕು ಗಿರಾಕಿಗಳಿಗಾಗಿ ರಾತ್ರಿ ಪಾಳಿಗೆ ಇನ್ನೊಬ್ಬ ಫಾರ್ಮಸಿಸ್ಟರನ್ನು ಇಡುವುದು ಚಿಕ್ಕ ಊರಿನ ಅಂಗಡಿಗೆ ಕಟ್ಟುವುದಿಲ್ಲ. ಜನೌಷಧಿ ಕೇಂದ್ರಗಳೂ ಸಾಮಾನ್ಯವಾಗಿ ರಾತ್ರಿ ಇರುವುದಿಲ್ಲ. ರೋಗಿಗಳು ಮಲಗಿರುವ ಆಸ್ಪತ್ರೆಯ ಕಥೆ ಬೇರೆ. ಅಲ್ಲಿ ರಾತ್ರಿ ಎರಡಕ್ಕೂ ಯಾರಿಗಾದರೂ ಇಂಜೆಕ್ಷನ್ ಬೇಕಾಗುತ್ತದೆ. ಹಾಗಾಗಿ ಹಾಸಿಗೆಗಳಿರುವ, ತುರ್ತು ವಿಭಾಗವಿರುವ ಆಸ್ಪತ್ರೆಯನ್ನು ಹುಡುಕಿ, ಮೆಡಿಕಲ್ ಅದರ ಒಳಗೋ ಎದುರಿಗೋ ಇರುತ್ತದೆ. ಶಿವಮೊಗ್ಗದವರು ರಾತ್ರಿ ಔಷಧಿ ಎಂದರೆ ಮೆಗ್ಗಾನ್ ಆಸ್ಪತ್ರೆಯ ಕಡೆ ಗಾಡಿ ತಿರುಗಿಸುವುದು ಇದೇ ಕಾರಣಕ್ಕೆ.

ಇಲ್ಲಿ ಫೋನ್ ಮಾಡುವುದು ಬಂಕಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಆಸ್ಪತ್ರೆಯ ಫೋನನ್ನು ರಾತ್ರಿಯೂ ಯಾರಾದರೂ ಎತ್ತುತ್ತಾರೆ. ‘ಒಳಗಿನ ಮೆಡಿಕಲ್ ಈಗ ತೆರೆದಿದೆಯಾ, ಹೊರಗಿನವರಿಗೂ ಕೊಡ್ತಾರಾ?’ ಎಂದು ಎರಡನ್ನೂ ಕೇಳಿ. ಎರಡನೆಯದು ಮುಖ್ಯ. ಸರ್ಕಾರಿ ತಾಲ್ಲೂಕು ಆಸ್ಪತ್ರೆಯ ಔಷಧಿ ವಿಭಾಗ ಅಂಗಡಿಯಲ್ಲ. ಅಲ್ಲಿ ಚೀಟಿ ಮಾಡಿಸಿ, ಕರ್ತವ್ಯದಲ್ಲಿರುವ ವೈದ್ಯರಿಗೆ ತೋರಿಸಿ, ಅವರು ಬರೆದುಕೊಟ್ಟರೆ ಔಷಧಿ ಸಿಗುತ್ತದೆ. ಮಗುವಿಗೆ ಜ್ವರ ಏರಿದೆ, ದಮ್ಮು ಹೆಚ್ಚಾಗಿದೆ, ಇನ್ಸುಲಿನ್ ಮನೆಯಲ್ಲೇ ಮರೆತು ಬಂದಿದ್ದೀರಿ ಎಂದಾದರೆ ಆ ದಾರಿಯೇ ಒಳ್ಳೆಯದು. ಅಂಗಡಿ ಹುಡುಕುತ್ತ ಒಂದು ಗಂಟೆ ಅಲೆಯುವ ಬದಲು ತುರ್ತು ವಿಭಾಗಕ್ಕೆ ಹೋದರೆ ಮೊದಲ ಡೋಸ್ ಅಲ್ಲೇ ಸಿಗುತ್ತದೆ. ಉಸಿರಾಟಕ್ಕೆ ತೊಂದರೆ, ಎದೆನೋವು, ಪ್ರಜ್ಞೆ ತಪ್ಪುವುದು ಇದ್ದರೆ ಮ್ಯಾಪು ಮುಚ್ಚಿ 108ಕ್ಕೆ ಕರೆ ಮಾಡಬೇಕು.

ದಿನವೂ ಮಾತ್ರೆ ತೆಗೆದುಕೊಳ್ಳುವವರು ಮನೆ ಬಿಡುವ ಮೊದಲು ಮಾತ್ರೆಯ ಪಟ್ಟಿಯ ಹಿಂಬದಿಯನ್ನೂ ವೈದ್ಯರ ಚೀಟಿಯನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬೇಕು. ಬೆಂಗಳೂರಿನಲ್ಲಿ ಸಿಗುವ ಕಂಪನಿಯ ಹೆಸರು ಹೊನ್ನಾವರದಲ್ಲಿ ಇರದೇ ಹೋಗಬಹುದು. ಒಳಗಿನ ಔಷಧದ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎನ್ನುವುದು ಗೊತ್ತಾದರೆ ಅದೇ ಔಷಧವಿರುವ ಬೇರೆ ಕಂಪನಿಯದು ಇದೆಯೇ ಎಂದು ಅಂಗಡಿಯವರು ನೋಡಿ ಹೇಳಬಲ್ಲರು. ಬರೀ ‘ಬಿ.ಪಿ.ಯ ಬಿಳಿ ಮಾತ್ರೆ’ ಎಂದರೆ ಯಾವ ಊರಿನಲ್ಲೂ ಪ್ರಯೋಜನವಿಲ್ಲ.

ಎಟಿಎಂ ವಿಷಯಕ್ಕೆ ಬಂದರೆ ಮ್ಯಾಪಿನ ಸಮಯಕ್ಕೆ ಅರ್ಥವೇ ಇಲ್ಲ. ಬಹುತೇಕ ಎಲ್ಲ ಎಟಿಎಂಗಳ ಮುಂದೂ 24 ಗಂಟೆ ಎಂದೇ ಇರುತ್ತದೆ. ಆದರೆ 2013ರ ನವೆಂಬರಿನಲ್ಲಿ ಬೆಂಗಳೂರಿನ ಎಟಿಎಂ ಒಂದರೊಳಗೆ ಮಹಿಳೆಯ ಮೇಲೆ ನಡೆದ ಹಲ್ಲೆಯ ನಂತರ ಕಾವಲಿಲ್ಲದ ಎಟಿಎಂ ಎಂದರೆ ಬ್ಯಾಂಕುಗಳಿಗೂ ಪೊಲೀಸರಿಗೂ ತಲೆನೋವು. ಕಾವಲುಗಾರ ಇಲ್ಲದ ಕಡೆ ರಾತ್ರಿ ಶಟರ್ ಎಳೆಯುವುದು ಚಿಕ್ಕ ಊರುಗಳಲ್ಲಿ ಸಾಮಾನ್ಯ. ಶಟರ್ ತೆರೆದಿದ್ದರೂ ಒಳಗೆ ಹಣ ಇರಬೇಕಲ್ಲ? 2019ರ ಫೆಬ್ರವರಿಯಿಂದ ಜಾರಿಯಲ್ಲಿರುವ ಗೃಹ ಸಚಿವಾಲಯದ ನಿಯಮದ ಪ್ರಕಾರ ಹಣ ಸಾಗಿಸುವ ಖಾಸಗಿ ಸಂಸ್ಥೆಗಳು ನಗರಗಳಲ್ಲಿ ರಾತ್ರಿ 9ರ ನಂತರ, ಗ್ರಾಮೀಣ ಪ್ರದೇಶದಲ್ಲಿ ಸಂಜೆ 6ರ ನಂತರ ಎಟಿಎಂಗೆ ಹಣ ತುಂಬುವಂತಿಲ್ಲ. ಅಂದರೆ ಹಳ್ಳಿಯ ಎಟಿಎಂ ಸಂಜೆ ಏಳಕ್ಕೆ ಖಾಲಿಯಾದರೆ ಮರುದಿನದವರೆಗೆ ಅದು ಖಾಲಿಯೇ. ಸಂಬಳದ ವಾರ, ಹಬ್ಬದ ಹಿಂದಿನ ದಿನ, ಸಾಲು ರಜೆ ಇದ್ದಾಗ ರಾತ್ರಿ ಹಣ ಸಿಗುವ ಭರವಸೆ ಇನ್ನೂ ಕಡಿಮೆ.

ಇದರಲ್ಲಿಯೂ ಒಂದು ಆಯ್ಕೆಯಿದೆ. ಹಣ ಕಟ್ಟಿಸಿಕೊಳ್ಳುವ ಮತ್ತು ಹಣ ಕೊಡುವ ಎರಡೂ ಕೆಲಸ ಮಾಡುವ ಯಂತ್ರಗಳು ಬ್ಯಾಂಕ್ ಶಾಖೆಗಳ ಪಕ್ಕದಲ್ಲಿ ಇರುತ್ತವೆ. ಇವನ್ನು ಕ್ಯಾಶ್ ರೀಸೈಕ್ಲರ್ ಎನ್ನುತ್ತಾರೆ. ಸಂಜೆ ಅಂಗಡಿಯವರು ತಂದು ಕಟ್ಟಿದ ನೋಟುಗಳನ್ನೇ ರಾತ್ರಿ ಬಂದವರಿಗೆ ಕೊಡುತ್ತವೆ. ಹಣದ ಗಾಡಿ ಬಾರದಿದ್ದರೂ ಅವು ಅಷ್ಟು ಬೇಗ ಬರಿದಾಗುವುದಿಲ್ಲ. ಹಾಗಾಗಿ ರಸ್ತೆ ಬದಿಯ ಒಂಟಿ ಎಟಿಎಂಗಿಂತ ಊರಿನ ಮುಖ್ಯ ಶಾಖೆಯ ಪಕ್ಕದ್ದು, ದೊಡ್ಡ ಆಸ್ಪತ್ರೆ ಅಥವಾ ರೈಲು ನಿಲ್ದಾಣದ ಬಳಿಯದು ವಾಸಿ.

ಯಂತ್ರದ ಮುಂದೆ ನಿಂತ ಮೇಲೂ ಕೆಲವು ಮಾತು ನೆನಪಿರಲಿ. ‘Unable to dispense’ ಎಂದು ಬಂದರೆ ಹಣವೇ ಇಲ್ಲ ಎಂದಲ್ಲ. ಒಳಗೆ 500ರ ನೋಟು ಮಾತ್ರ ಉಳಿದಿದ್ದರೆ 1,700 ಕೇಳಿದಾಗ ಕೊಡಲಾಗದು, 1,500 ಕೇಳಿದರೆ ಕೊಟ್ಟೀತು. ಸ್ಟೇಟ್ ಬ್ಯಾಂಕ್ ತನ್ನ ಎಟಿಎಂಗಳಲ್ಲಿ ತನ್ನ ಗ್ರಾಹಕರು 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ತೆಗೆಯುವಾಗ 2020ರಿಂದ ಮೊಬೈಲಿಗೆ ಒಟಿಪಿ ಕಳಿಸುತ್ತದೆ. ಮೊದಲು ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಮಾತ್ರ ಇದ್ದದ್ದು ಆಮೇಲೆ ಇಡೀ ದಿನಕ್ಕೆ ಬಂತು. ಸಿಗ್ನಲ್ ಇಲ್ಲದ ಊರಿನಲ್ಲಿ, ಅಥವಾ ಖಾತೆಗೆ ಕೊಟ್ಟ ನಂಬರಿನ ಫೋನ್ ಮನೆಯಲ್ಲಿದ್ದರೆ, ಅಷ್ಟು ಹಣ ಒಟ್ಟಿಗೆ ಬರುವುದಿಲ್ಲ. ಹತ್ತು ಸಾವಿರದೊಳಗೆ ತೆಗೆದುಕೊಳ್ಳಿ. ಯಂತ್ರ ಕೆಟ್ಟೋ ಹಣವಿಲ್ಲದೆಯೋ ವ್ಯವಹಾರ ವಿಫಲವಾದರೆ ಅದನ್ನು ತಿಂಗಳ ಉಚಿತ ಲೆಕ್ಕಕ್ಕೆ ಹಿಡಿಯಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಖಾತೆಯಿಂದ ಹಣ ಕಡಿತವಾಗಿ ಕೈಗೆ ಬಾರದಿದ್ದರೆ ಐದು ದಿನದೊಳಗೆ ಬ್ಯಾಂಕ್ ವಾಪಸು ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಚೀಟಿ ಬಂದರೆ ಇಟ್ಟುಕೊಳ್ಳಿ, ಬಾರದಿದ್ದರೆ ಎಟಿಎಂ ಗೋಡೆಯ ಮೇಲಿರುವ ಅದರ ಸಂಖ್ಯೆಯ ಫೋಟೊ ತೆಗೆದುಕೊಳ್ಳಿ. ರಾತ್ರಿ ಅಲ್ಲಿ ನಿಂತು ಯಂತ್ರದ ಜೊತೆ ಜಗಳವಾಡುವ ಅಗತ್ಯವಿಲ್ಲ.

ಫೋನ್‌ಪೇ, ಗೂಗಲ್ ಪೇ ಇರುವಾಗ ಎಟಿಎಂ ಯಾಕೆ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ರಸ್ತೆಯಲ್ಲಿ ಆ ಪ್ರಶ್ನೆ ಸರಿ. ಆದರೆ ಮೊಬೈಲ್ ಸಿಗ್ನಲ್ ಹೋದ ಜಾಗದಲ್ಲಿ ನಿಮ್ಮ ಯುಪಿಐ, ಬಂಕಿನ ಕಾರ್ಡ್ ಯಂತ್ರ, ಚಹಾದಂಗಡಿಯ ಸ್ಪೀಕರ್ ಎಲ್ಲವೂ ಒಟ್ಟಿಗೆ ಮೂಕವಾಗುತ್ತವೆ. ಒಂದು ಟ್ಯಾಂಕಿನ ಅರ್ಧ ತುಂಬಿಸುವಷ್ಟು ನೋಟು, 500ರದ್ದೂ 100ರದ್ದೂ ಬೆರೆಸಿ, ಪರ್ಸಿನಿಂದ ಬೇರೆಯಾಗಿ ಕಾರಿನಲ್ಲಿ ಇಟ್ಟುಕೊಂಡವರಿಗೆ ರಾತ್ರಿ ಎಟಿಎಂ ಹುಡುಕುವ ಕೆಲಸವೇ ಇರುವುದಿಲ್ಲ.

ಸಿಗ್ನಲ್ ಹೋಗುವುದಕ್ಕೂ ಮೊದಲೇ ತಯಾರಿ ಮಾಡಿಕೊಳ್ಳಬಹುದು. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಚಿತ್ರವನ್ನು ಒತ್ತಿದರೆ ‘Offline maps’ ಎಂದು ಬರುತ್ತದೆ. ಅದರಲ್ಲಿ ಶಿವಮೊಗ್ಗದಿಂದ ಹೊನ್ನಾವರದವರೆಗಿನ ಚೌಕವನ್ನು ಮನೆಯಲ್ಲೇ ಇಳಿಸಿಕೊಂಡರೆ, ಘಟ್ಟದ ನಡುವೆಯೂ ದಾರಿ ಕಾಣುತ್ತದೆ, ಬಂಕ್ ಎಲ್ಲಿದೆ ಎನ್ನುವುದನ್ನೂ ಹುಡುಕಬಹುದು. ಆಗ ಸಿಗುವುದು ಇಳಿಸಿಕೊಂಡ ದಿನದ ಮಾಹಿತಿ ಎನ್ನುವುದು ನೆನಪಿರಲಿ. ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯನ್ನು ಬಳಸುವ Organic Maps, OsmAnd ಎಂಬ ಆ್ಯಪ್‌ಗಳು ನಕ್ಷೆ ಇಳಿಸಿಕೊಂಡ ಮೇಲೆ ಇಂಟರ್‌ನೆಟ್ ಇಲ್ಲದೆಯೇ ನಡೆಯುತ್ತವೆ. ಆದರೆ ನಮ್ಮ ಗ್ರಾಮೀಣ ಭಾಗದ ಅಂಗಡಿ, ಬಂಕುಗಳು ಅದರಲ್ಲಿ ಇನ್ನೂ ಪೂರ್ತಿ ತುಂಬಿಲ್ಲ. ಜೊತೆಗಿರಲಿ, ಅದೊಂದನ್ನೇ ನಂಬುವುದು ಬೇಡ.

ಎಲ್ಲ ಲೆಕ್ಕ ತಪ್ಪಿ ಗಾಡಿ ನಿಂತೇಬಿಟ್ಟರೆ ರಸ್ತೆಯ ಎಡಕ್ಕೆ ಸರಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ತಿರುವಿನಲ್ಲಿ ನಿಂತಿದ್ದರೆ ಒಳಗೆ ಕೂರದೆ ಹೊರಗೆ ಸುರಕ್ಷಿತ ಜಾಗದಲ್ಲಿ ನಿಲ್ಲಿ. ಟೋಲ್ ಇರುವ ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಬಹುದು, ಆ ರಸ್ತೆಗಳಲ್ಲಿ ಗಸ್ತು ವಾಹನ, ಕ್ರೇನ್, ಆಂಬುಲೆನ್ಸ್ ಇರುತ್ತವೆ. ಟೋಲ್ ಇಲ್ಲದ ಘಟ್ಟದ ರಸ್ತೆಯಲ್ಲಿ 112 ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವುದಾದರೂ ಕಂಪನಿಯ ಸಿಗ್ನಲ್ ಸಿಗುವಂತಿದ್ದರೆ 112ರ ಕರೆ ಅದರ ಮೂಲಕ ಹೋಗುತ್ತದೆ. ಹಿಂದೆ ದಾಟಿದ ಕಿಲೋಮೀಟರ್ ಕಲ್ಲಿನ ಅಂಕಿ ನೆನಪಿದ್ದರೆ ಪೊಲೀಸರಿಗೆ ನಿಮ್ಮನ್ನು ಹುಡುಕುವುದು ಸುಲಭ.

ಮನೆ ತಲುಪಿದ ಮೇಲೆ ಎರಡು ನಿಮಿಷದ ಒಂದು ಕೆಲಸ ಉಳಿಯುತ್ತದೆ. ರಾತ್ರಿ ಪೆಟ್ರೋಲ್ ಕೊಟ್ಟ ಬಂಕಿನ ಪುಟವನ್ನು ಮ್ಯಾಪಿನಲ್ಲಿ ತೆರೆದು ‘Suggest an edit’ ಒತ್ತಿ, ಸಮಯ ಖಾಲಿಯಿದ್ದರೆ ಅಲ್ಲಿ ಕೇಳಿ ತಿಳಿದ ಸಮಯವನ್ನು ತುಂಬಿ. 24 ಗಂಟೆ ಎಂದು ಹಾಕಿಕೊಂಡು ಹಗ್ಗ ಕಟ್ಟಿದ್ದ ಬಂಕಿನ ಸಮಯವನ್ನೂ ತಿದ್ದಿ. ಶಟರ್ ಎಳೆದಿದ್ದ ಎಟಿಎಂ ಬಗ್ಗೆ ದಿನಾಂಕ ಮತ್ತು ಗಂಟೆ ಹಾಕಿ ಒಂದು ಸಾಲಿನ ಅಭಿಪ್ರಾಯ ಬರೆಯಿರಿ. ಅದೇ ರಸ್ತೆಯಲ್ಲಿ ಮುಂದಿನ ವಾರ ರಾತ್ರಿ ಬರುವವರಿಗೆ ಕಾಣುವ ಹಸಿರು ಅಕ್ಷರ ನೀವು ತುಂಬಿದ್ದೇ ಆಗಿರಬಹುದು.